ಅಚ್ಚಿನಲ್ಲಿಲ್ಲದ ವಾಕ್ಯ

ಔಷಧದಂಗಡಿಯ ಅಕ್ಕನಿಗೆ ಕ್ರೈಸ್ತ ಸಭೆಯವರು ಇಟ್ಟ ಹೆಸರು ‘ಎರಡನೇ ಬಾಯಿ’. ಎದುರಿಗೆ ಅಕ್ಕ, ಬೆನ್ನ ಹಿಂದೆ ಎರಡನೇ ಬಾಯಿ. ಅದರಲ್ಲಿ ಕುಹಕವೇನೂ ಇರಲಿಲ್ಲ ಬಿಡಿ. ಉಪದೇಶ ಮಾಡಲು ಪರಭಾಷೆಯ ಪ್ರಸಂಗಿಗಳು ಯಾರೇ ಬರಲಿ, ಮೊದಲನೆಯ ಬಾಯಿ ಅವರದು, ಎರಡನೆಯದು ಈಕೆಯದು. ಅವರು ಒಂದು ಮಾತು ಹೇಳಿ ನಿಲ್ಲಬೇಕು, ಈಕೆ ಅದನ್ನು ಕನ್ನಡದಲ್ಲಿ ಹೇಳಬೇಕು, ಅವರು ಮುಂದಿನ ಮಾತಿಗೆ ಹೋಗಬೇಕು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಬಾಲ್ಯದಲ್ಲಿ ಅಪ್ಪನ ನೌಕರಿಯ ಹಿಂದೆ ಊರೂರು ಸುತ್ತಿದ್ದಕ್ಕೆ ಸಿಕ್ಕ ಆಸ್ತಿ ಎಂದರೆ ಕನ್ನಡದ ಜೊತೆಗೆ ಇನ್ನೆರಡು ಭಾಷೆಗಳು, ಮತ್ತೇನಿಲ್ಲ.

ವಾರದ ಆರು ದಿನ ಅವಳು ಕೌಂಟರಿನ ಹಿಂದೆ ನಿಂತು ವೈದ್ಯರ ಕೋಳಿಕಾಲಿನ ಬರಹವನ್ನು ಜನರಿಗೆ ಬಿಡಿಸಿ ಹೇಳುತ್ತಿದ್ದಳು. “ಇದು ಊಟಕ್ಕೆ ಮೊದಲು, ಇದು ಊಟ ಆದ್ಮೇಲೆ. ಇದನ್ನ ಅರ್ಧ ಮಾಡ್ಬೇಡಿ.” ಏಳನೆಯ ದಿನ ಪೀಠದ ಪಕ್ಕ ನಿಂತು ದೇವರ ಮಾತನ್ನು ಬಿಡಿಸುತ್ತಿದ್ದಳು. ಎರಡೂ ಕಡೆ ಒಂದೇ ನಿಯಮ ಎಂದು ಅವಳ ನಂಬಿಕೆ: ಬರೆದಿದ್ದನ್ನು ಬರೆದ ಹಾಗೆ ಕೊಡು, ನಿನ್ನ ಬುದ್ಧಿ ಬೆರೆಸಬೇಡ.

ಆ ನಿಯಮ ಕಲಿಸಿದವನು ಅಚ್ಚಿನ ತಾತ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಮುದುಕ. ಅವಳಿಗೆ ಮೊದಲು ಅವನೇ ಸಭೆಯ ಭಾಷಾಂತರಕಾರ. ಗಂಟಲು ಕೆಟ್ಟ ಮೇಲೆ ಇವಳನ್ನು ಎದುರಿಗೆ ಕೂರಿಸಿಕೊಂಡು ಒಂದು ವರ್ಷ ಅರೆದು ಕುಡಿಸಿದ್ದ. “ನೋಡಮ್ಮಾ, ಪ್ರಸಂಗಿಯ ಬಾಯಲ್ಲಿ ಮೂರು ಥರದ ಮಾತಿರುತ್ತೆ. ಒಂದು ಅವರ ಹಾಸ್ಯ, ಮನೆಮಾತು. ಅದನ್ನ ಮನೆಮಾತಲ್ಲೇ ಹೇಳು, ಜನ ನಗಬೇಕು. ಇನ್ನೊಂದು ಉಪದೇಶ. ಅದಕ್ಕೆ ಗೌರವ ಬೇಕು, ಆದರೆ ಗಂಟು ಮುಖ ಬೇಡ. ಮೂರನೇದು ವಾಕ್ಯ, ಗ್ರಂಥದ ಮಾತು. ಅದು ಅಚ್ಚಾಗಿದೆ. ಅಚ್ಚಾದ ಕನ್ನಡ ಬಿಟ್ಟು ನಿಂದೊಂದು ಅಕ್ಷರ ಸೇರಿಸಿದೆಯೋ, ನೋಡ್ಕೋ!”

ಹಾಗಾಗಿ ಪದ್ಧತಿ ಹೀಗಿತ್ತು. ಪ್ರಸಂಗಿಗಳು ಶನಿವಾರವೇ ತಾವು ಎತ್ತಿಕೊಳ್ಳುವ ವಾಕ್ಯಗಳ ಪಟ್ಟಿ ಕಳಿಸಬೇಕು. ಅವಳು ಕನ್ನಡ ಧರ್ಮಗ್ರಂಥದಲ್ಲಿ ಆ ಪುಟಗಳಿಗೆಲ್ಲ ಮಾತ್ರೆ ಪೊಟ್ಟಣದ ಚೀಟಿ ಸಿಕ್ಕಿಸಿ, ಮೇಲೆ ಒಂದು, ಎರಡು, ಮೂರು ಎಂದು ಬರೆದಿಡುತ್ತಿದ್ದಳು. ಪ್ರಸಂಗಿಗಳು ವಾಕ್ಯಕ್ಕೆ ಬಂದೊಡನೆ ಗ್ರಂಥವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಅಚ್ಚಾದದ್ದನ್ನು ಅಚ್ಚಾದ ಹಾಗೆ ಓದುತ್ತಿದ್ದಳು. ಸಭೆಗೆ ಅದೇ ಗುರುತು. ಗ್ರಂಥ ಮೇಲೆದ್ದಿತೆಂದರೆ ದೇವರ ಮಾತು, ಕೆಳಗಿಳಿಯಿತೆಂದರೆ ಮನುಷ್ಯರ ಮಾತು. ಪಟ್ಟಿಯಲ್ಲಿಲ್ಲದ ವಾಕ್ಯ ನಡುವೆ ನುಸುಳಿದರೆ ಗ್ರಂಥ ಎತ್ತಬಾರದು. ಸಾದಾ ಕನ್ನಡದಲ್ಲಿ ತಾತ್ಪರ್ಯ ಹೇಳಿ “ಎಂಬ ಅರ್ಥದ ಮಾತಿದೆ” ಎಂದು ಸೇರಿಸಿ ದಾಟಿಕೊಳ್ಳಬೇಕು. ಆಗ ಯಾರಿಗೂ ಮೋಸವಾಗುವುದಿಲ್ಲ.

ತಾತ ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ತನ್ನ ಗ್ರಂಥ ಬಿಚ್ಚಿ, ಅವಳು ಓದುವಾಗ ಬೆರಳು ಓಡಿಸುತ್ತಿದ್ದ. ಒಂದು ‘ಉ’ಕಾರ ಜಾರಿದರೂ ಆ ಬೆರಳು ನಿಲ್ಲುತ್ತಿತ್ತು, ಹುಬ್ಬು ಏಳುತ್ತಿತ್ತು. ಹತ್ತೊಂಬತ್ತು ವರ್ಷ ಪ್ರತಿ ಭಾನುವಾರ ಪರೀಕ್ಷೆ ಬರೆದವರು ಯಾರಾದರೂ ಇದ್ದರೆ ಅದು ಈ ಅಕ್ಕನೇ.

ಆ ಭಾನುವಾರ ಬಂದಿದ್ದವರು ವಯಸ್ಸಾದ ಪ್ರಸಂಗಿಗಳು. ಮೃದು ಮನುಷ್ಯ, ಮಗುವಿನಂತೆ ನಗುವವರು. ಪಟ್ಟಿಯಲ್ಲಿ ಆರು ವಾಕ್ಯ. ಐದು ಮುಗಿದಿದ್ದವು. ಮಂದಿರದಲ್ಲಿ ಸೆಕೆ, ಫ್ಯಾನುಗಳು ಗಾಳಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದವು. ಪ್ರಸಂಗಿಗಳು ಜಗಳಗಳ ಬಗ್ಗೆ, ಮಾತು ಬಿಟ್ಟವರ ಬಗ್ಗೆ ಹೇಳುತ್ತಾ ಹೇಳುತ್ತಾ ಧ್ವನಿ ತಗ್ಗಿಸಿ, “ಹೀಗೆಂದು ಬರೆದಿದೆಯಲ್ಲವೇ” ಎಂದು ಶುರು ಮಾಡಿ ಒಂದು ಮಾತು ಹೇಳಿ ನಿಂತರು. ಪಟ್ಟಿಯಲ್ಲಿದ್ದ ಆರನೆಯ ವಾಕ್ಯ ಅದಲ್ಲ. ಮುನಿಸಿಕೊಂಡವರ ಬಾಗಿಲನ್ನು ಮೊದಲು ತಟ್ಟುವ ಕೈ ದೇವರ ಕೈಯೊಳಗಿರುತ್ತದೆ, ಅಷ್ಟೇ ಅವರು ಹೇಳಿದ್ದು.

ಅವಳ ಕೈ ಆಗಲೇ ಗ್ರಂಥವನ್ನು ಎತ್ತಿತ್ತು. “ಬರೆದಿದೆ” ಎಂಬ ಮಾತು ಕಿವಿಗೆ ಬಿದ್ದರೆ ಕೈ ಏಳುತ್ತದೆ, ಅಭ್ಯಾಸ! ಎತ್ತಿದ್ದನ್ನು ಇಳಿಸುವುದು ಹೇಗೆ? ಇನ್ನೂರು ಜನ ನೋಡುತ್ತಿದ್ದಾರೆ. ಕಣ್ಣೆದುರಿನ ಪುಟದಲ್ಲಿ ಬೇರೆ ಏನೋ ಇದೆ. ಎರಡು ಕ್ಷಣ ಕಳೆಯಿತು, ಮೂರನೆಯದೂ ಕಳೆಯಿತು. ಆಮೇಲೆ ಅವಳ ಬಾಯಿಂದ, ಓದುವ ಅದೇ ಗಂಭೀರ ದನಿಯಲ್ಲಿ, ಹಳೆಯ ಅಚ್ಚಿನ ಕನ್ನಡದಲ್ಲಿ ಮಾತು ಹೊರಟಿತು: “ಮುನಿದ ಸಹೋದರನ ಬಾಗಿಲನ್ನು ಮೊದಲು ತಟ್ಟುವವನ ಕೈಯನ್ನು ಕರ್ತನು ತಾನೇ ಹಿಡಿದಿರುವನು.”

“ಆಮೆನ್” ಎಂದಿತು ಸಭೆ.

ಮೂರನೇ ಸಾಲಿನ ತುದಿಯಲ್ಲಿ ಬೆರಳು ಓಡಲಿಲ್ಲ. ಹುಬ್ಬು ಏಳಲಿಲ್ಲ. ಅಚ್ಚಿನ ತಾತ ಗ್ರಂಥ ಮುಚ್ಚಿ, ಅದರ ಮೇಲೆ ಎರಡು ಕೈಯಿಟ್ಟು, ಗಳಗಳನೆ ಅಳುತ್ತಿದ್ದ. ಅವನು ಅತ್ತಿದ್ದನ್ನು ಆ ಸಭೆಯಲ್ಲಿ ಅದುವರೆಗೆ ಯಾರೂ ಕಂಡವರಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವಾಗ ಅವಳಿಗೆ ಅದು ಹೊಳೆಯಿತು. ಪ್ರಸಂಗಿಗಳು ‘ಸಹೋದರ’ ಎಂದಿರಲಿಲ್ಲ. ಮುನಿಸಿಕೊಂಡವರು ಎಂದಿದ್ದರು. ಹಾಗಾದರೆ ಸಹೋದರ ಎಲ್ಲಿಂದ ಬಂದ? ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. “ಒಳಗಾದ್ರೂ ಬಾ, ಇಲ್ಲ ಹೊರಗಾದ್ರೂ ಹೋಗು, ನೊಣ ಬರ್ತಿದೆ” ಎಂದರು ಅತ್ತೆ.

ತಾತನಿಗೊಬ್ಬ ತಮ್ಮನಿದ್ದ. ಅಣ್ಣ ಕರಡು ತಿದ್ದುತ್ತಿದ್ದ ಮುದ್ರಣಾಲಯದಲ್ಲೇ ಅವನು ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಮಾತಿಲ್ಲ. ತಾಯಿ ತೀರಿಕೊಂಡಾಗ ಸಮಾಧಿ ಕಲ್ಲಿನ ಮೇಲೆ ತಮ್ಮ ಒಂದು ವಾಕ್ಯ ಕೆತ್ತಿಸಿದ್ದ. ಅದರಲ್ಲಿ ಒಂದು ಪದ ಅಚ್ಚಿನಲ್ಲಿದ್ದಂತೆ ಇರಲಿಲ್ಲ. ಬಂಧುಬಳಗವೆಲ್ಲ ಸುತ್ತ ನಿಂತಿರುವಾಗ ತಾತ ಜೇಬಿನಿಂದ ಸೀಮೆಸುಣ್ಣ ತೆಗೆದು, ಕರಡು ತಿದ್ದುವ ಹಾಗೆ, ಆ ಪದದ ಮೇಲೆ ಗೀಟೆಳೆದು ಪಕ್ಕದಲ್ಲಿ ಸರಿಯಾದ ಪದ ಬರೆದಿದ್ದ. ತಾಯಿಯ ಕಲ್ಲಿನ ಮೇಲೆ! ತಮ್ಮ ಅಂದು ಹೋದವನು ಮತ್ತೆ ಅಣ್ಣನ ಮುಖ ನೋಡಿರಲಿಲ್ಲ. ಈಗ ಅವನ ಎದೆಗೆ ಶಸ್ತ್ರಚಿಕಿತ್ಸೆ ಎಂದು ಗೊತ್ತಾಗಿತ್ತು, ಬರುವ ಗುರುವಾರ. ಹಿಂದಿನ ಶುಕ್ರವಾರವಷ್ಟೇ ತಮ್ಮನ ಹೆಂಡತಿ ಅಂಗಡಿಗೆ ಬಂದು, ರಕ್ತ ತೆಳುವಾಗುವ ಮಾತ್ರೆ ಎಂದಿನಿಂದ ನಿಲ್ಲಿಸಬೇಕು ಎಂದು ಕೇಳಿ, ಕೌಂಟರಿಗೆ ಕೈಯೂರಿ ಅತ್ತು ಹೋಗಿದ್ದಳು.

ಅದು ತಲೆಯಲ್ಲಿತ್ತು. ಹಾಗಾದರೆ ಸಹೋದರ ಎಂಬ ಪದ ತಾನಾಗಿ ಜಾರಿತೋ, ತಾನೇ ಬೇಕೆಂದು ನೂಕಿದಳೋ? ಹಳೆಯ ಕನ್ನಡದ ವಾಕ್ಯದಲ್ಲಿ ‘ಮುನಿದ’ ಎಂದ ಮೇಲೆ ‘ಸಹೋದರ’ ಬರುವುದು ಸಹಜವೇ. ಗ್ರಂಥದ ಧಾಟಿಯೇ ಅದು, ನಾಲಿಗೆಗೆ ರೂಢಿ. ಆದರೆ ಆ ಮಾತು ಹೇಳುವಾಗ ಅವಳ ಕಣ್ಣು ಮೂರನೇ ಸಾಲಿನ ತುದಿಯಲ್ಲಿತ್ತಲ್ಲ? ಇತ್ತೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯೋಚಿಸಿದಷ್ಟೂ ಇತ್ತು ಎಂದೂ ಅನಿಸುತ್ತಿತ್ತು, ಇರಲಿಲ್ಲ ಎಂದೂ ಅನಿಸುತ್ತಿತ್ತು.

ಮಧ್ಯಾಹ್ನವೆಲ್ಲ ಗ್ರಂಥ ಮಗುಚಿ ಮಗುಚಿ ಹುಡುಕಿದಳು. ಆ ವಾಕ್ಯ ಎಲ್ಲೂ ಇಲ್ಲ. ಸಹೋದರ ಸಹಿತವೂ ಇಲ್ಲ, ರಹಿತವೂ ಇಲ್ಲ.

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಪ್ರಸಂಗಿಗಳಿಗೆ ಫೋನು ಮಾಡಿದಳು. ಅವರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು ಮೆಲ್ಲನೆ ಕೇಳಿದರು. “ಗ್ರಂಥದಲ್ಲಿ ಇಲ್ವಾ? ನಿಜವಾಗಿಯೂ?”

“ಇಲ್ಲ ಅಯ್ಯಾ. ಹುಡುಕಿದೆ.”

“ನಮ್ಮಮ್ಮ ಹೇಳ್ತಿದ್ದರಮ್ಮ. ದಿನಾ ಗ್ರಂಥ ಓದೋರು. ಅದರಲ್ಲೇ ಇದೆ ಅಂತ ನಾನು ಐವತ್ತು ವರ್ಷದಿಂದ ಹೇಳ್ಕೊಂಡು ಬಂದೆ. ಯಾರೂ ಕೇಳಲಿಲ್ಲ.” ಅವರ ದನಿ ಕುಗ್ಗಿತ್ತು. “ಸಭೆಗೆ ತಿಳಿಸಿಬಿಡು. ಅದು ವಾಕ್ಯ ಅಲ್ಲ, ಒಬ್ಬ ತಾಯಿಯ ಮಾತು, ಮುದುಕ ತಪ್ಪಿದ ಅಂತ ಹೇಳು. ನನಗೇನೂ ಅವಮಾನ ಇಲ್ಲ.”

ಇದು ಸರಳವಾಯಿತು ಎಂದುಕೊಂಡು ಅವಳು ಸಭಾಪಾಲಕರ ಬಳಿ ಹೋದಳು. ಅಲ್ಲಿ ಹೋದ ಮೇಲೆ ಸರಳವಾಗಿದ್ದೂ ಗೋಜಲಾಯಿತು. ಸಭಾಪಾಲಕರು ಒಳ್ಳೆಯವರೇ, ಆದರೆ ಅತ್ತ ಹಾವೂ ಸಾಯಬಾರದು, ಇತ್ತ ಕೋಲೂ ಮುರಿಯಬಾರದು ಎನ್ನುವ ಪೈಕಿ. “ಪ್ರಕಟಣೆಯಲ್ಲಿ ಹೇಳೋಣಮ್ಮ, ಹೇಳಲೇಬೇಕು. ಆದರೆ ಮುಂದಿನ ಭಾನುವಾರ ತಾನೇ? ಅಷ್ಟರಲ್ಲಿ ಗುರುವಾರ ಆಗಿಹೋಗುತ್ತೆ. ತಾತ ನಿನ್ನೆ ಮಂದಿರದ ಬಾಗಿಲಲ್ಲಿ ನನ್ನ ಕೈ ಹಿಡಿದು ಏನಂದ ಗೊತ್ತಾ? ‘ಇಪ್ಪತ್ತೆರಡು ವರ್ಷ ಆಯ್ತು, ದೇವರೇ ಹೆಸರು ಹಿಡಿದು ಕರೆದ ಹಾಗಾಯ್ತು, ಬುಧವಾರ ತಮ್ಮನ್ನ ನೋಡೋಕೆ ಹೋಗ್ತೀನಿ’ ಅಂದ. ಈಗ ನೀನು ಹೋಗಿ ಅದು ವಾಕ್ಯ ಅಲ್ಲ ಅಂದರೆ?”

“ತಾತ ಹೋಗಲ್ಲ” ಎಂದಳು ಅವಳು.

“ಅದೇ ಮತ್ತೆ. ಇದೇ ಅರ್ಥದ ನಿಜವಾದ ವಾಕ್ಯ ಇದೆಯಲ್ಲ, ಕಾಣಿಕೆಯನ್ನ ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಅನ್ನೋದು. ಬೇಕಾದರೆ ಅದನ್ನ ತೋರಿಸು.”

ಅವಳು ಹೊರಟಳು. ದಾರಿಯುದ್ದಕ್ಕೂ ತಲೆ ಗಾಣದೆತ್ತಿನ ಹಾಗೆ ಅಲ್ಲೇ ಸುತ್ತುತ್ತಿತ್ತು. ಸುಮ್ಮನಿದ್ದರೆ ಅಣ್ಣ ತಮ್ಮಂದಿರು ಒಂದಾಗುತ್ತಾರೆ. ಆದರೆ ದೇವರು ಹೇಳದ್ದನ್ನು ದೇವರು ಹೇಳಿದ ಎಂದು ನಂಬಿ ಹೋದ ಹಾಗಾಗುತ್ತದೆ, ಅದೂ ಅಕ್ಷರ ತಪ್ಪಿದ್ದಕ್ಕೆ ಒಡಹುಟ್ಟಿದವನನ್ನೇ ಬಿಟ್ಟ ಮನುಷ್ಯ! ಹೇಳಿದರೆ ತಾತ ಹೋಗುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ? ಆ ಪಾಪ ಯಾರ ತಲೆಗೆ? ಮನೆಯಲ್ಲಿ ಅತ್ತೆಯನ್ನು ಕೇಳಿದಳು.

“ನಿನಗೇನು ಹುಚ್ಚಾ?” ಎಂದರು ಅತ್ತೆ ಬಟ್ಟೆ ಮಡಚುತ್ತಾ. “ಮುದುಕ ಹೋಗಿ ತಮ್ಮನ್ನ ನೋಡ್ತಾನೆ ಅಂದ್ರೆ ಅದಕ್ಕಿಂತ ಪುಣ್ಯ ಏನಿದೆ? ಬಾಯಿ ಮುಚ್ಕೊಂಡಿರು. ಎರಡನೇ ಬಾಯಿ ಅಂತಾರೆ, ಎರಡೂ ಬಾಯಿ ತೆಗೀಬೇಕು ಅಂತೇನಿಲ್ಲ.” ಒಂದು ಸೀರೆ ಮಡಚಿಟ್ಟು ಮತ್ತೆ ಹೇಳಿದರು. “ಆದ್ರೂ ಅವನು ನಿನ್ನನ್ನೇ ನೇರವಾಗಿ ಕೇಳಿದ್ರೆ ಸುಳ್ಳು ಹೇಳ್ಬೇಡ. ಆ ಮುದುಕನಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳೋಕೆ ಆಗಲ್ಲ.”

ಇದು ಯಾವ ಸೀಮೆಯ ಬುದ್ಧಿವಾದ ಎಂದು ಸಿಟ್ಟು ಬಂತು ಅವಳಿಗೆ. ಆದರೂ ಮನಸ್ಸಿನ ಮೂಲೆಯಲ್ಲಿ, ತಾತ ಕೇಳದಿದ್ದರೆ ಸಾಕಪ್ಪಾ ಎಂದು ಬೇಡಿಕೊಂಡಳು.

ಮಂಗಳವಾರ ಹನ್ನೊಂದು ಗಂಟೆಗೆ ತಾತ ಅಂಗಡಿಗೆ ಬಂದ. ಕಂಕುಳಲ್ಲಿ ದಪ್ಪನೆಯ ಪದಸೂಚಿ. ಯಾವ ಪದ ಗ್ರಂಥದಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಪಟ್ಟಿ ಮಾಡಿದ ಪುಸ್ತಕ ಅದು. ಕಣ್ಣು ಕೆಂಪಾಗಿದ್ದವು. ಕೆಮ್ಮಿನ ಔಷಧಿ ಕೊಳ್ಳುತ್ತಿದ್ದ ಹೆಂಗಸು ಹೋಗುವ ತನಕ ಕಾದು, ಪದಸೂಚಿಯನ್ನು ಕೌಂಟರಿನ ಮೇಲಿಟ್ಟ.

“ಬಾಗಿಲು ನೋಡಿದೆ, ತಟ್ಟು ನೋಡಿದೆ, ಕೈ ನೋಡಿದೆ, ಮುನಿಸು ನೋಡಿದೆ. ಸಹೋದರ ಅನ್ನೋದು ಎಷ್ಟಿದೆ ಗೊತ್ತಾ, ಎಲ್ಲಾ ನೋಡಿದೆ. ಸಿಗಲಿಲ್ಲ. ವಯಸ್ಸಾಯ್ತು ನೋಡು, ಕಣ್ಣು ದಾಟಿ ಹೋಗ್ತಿದೆ. ಯಾವ ಅಧ್ಯಾಯ ಅಂತ ಬರೆದು ಕೊಡಮ್ಮ. ನಾಳೆ ಹೋದಾಗ ಅವನಿಗೆ ಓದಿ ಹೇಳ್ಬೇಕು. ಬರೀ ಕೈಲಿ ಹೋಗೋಕಾಗಲ್ಲ.”

ಅವನು ಜೇಬಿನಿಂದ ಮೊಂಡಾದ ಪೆನ್ಸಿಲು ತೆಗೆದು ಅವಳತ್ತ ನೀಡಿದ. ಅವಳು ಅದನ್ನು ತೆಗೆದುಕೊಂಡಳು. ಹಾಳಾದ್ದು, ಕಾಣಿಕೆಯ ವಾಕ್ಯದ ಅಧ್ಯಾಯ ಬರೆದುಕೊಟ್ಟರೆ ಮುಗಿಯಿತಲ್ಲ ಎಂದು ಒಂದು ಮನಸ್ಸು.

“ತಾತ, ಕಾಣಿಕೆ ಬಿಟ್ಟು ಹೋಗಿ ರಾಜಿಯಾಗು ಅನ್ನೋದು ಇದೆಯಲ್ಲ…”

“ಅದು ಗೊತ್ತಮ್ಮ” ಎಂದ ತಾತ ತಾಳ್ಮೆಗೆಟ್ಟು. “ಅದನ್ನ ನಾನೇ ಇಪ್ಪತ್ತು ಸಲ ಭಾಷಾಂತರ ಮಾಡಿದ್ದೀನಿ. ಪ್ರತಿ ಸಲವೂ ಬೇರೆಯವರಿಗೆ ಹೇಳಿದ್ದು. ಎದುರಿಗೆ ಕೂತವರಿಗೆ. ನನಗೆ ಯಾರೂ ಹೇಳಿರಲಿಲ್ಲ. ಈ ವಾಕ್ಯ ನನಗೆ ಬಂತು. ಬರಿ.”

ಅವಳು ಪೆನ್ಸಿಲು ಕೆಳಗಿಟ್ಟಳು.

“ಅದು ಗ್ರಂಥದಲ್ಲಿಲ್ಲ ತಾತ.”

ಎಲ್ಲವನ್ನೂ ಹೇಳಿದಳು. ಅದು ಪ್ರಸಂಗಿಗಳ ತಾಯಿಯ ಮಾತು ಎಂದಳು, ಅವರೇ ತಪ್ಪು ತಿಳಿದಿದ್ದರು ಎಂದಳು, ತಾನು ಗ್ರಂಥ ಎತ್ತಬಾರದಿತ್ತು, ಎತ್ತಿದೆ, ಸಾದಾ ಕನ್ನಡದಲ್ಲಿ ಹೇಳಬೇಕಿತ್ತು, ಅಚ್ಚಿನ ಕನ್ನಡ ತೊಡಿಸಿದೆ ಎಂದಳು. ಇಲ್ಲಿಗೆ ನಿಲ್ಲಿಸಬಹುದಿತ್ತು. ಯಾರೂ ಕೇಳಿರಲಿಲ್ಲ. ಆದರೂ ಹೇಳಿದಳು: “ಸಹೋದರ ಅಂತ ಅವರು ಹೇಳಲೂ ಇಲ್ಲ. ಅದು ನಾನು ಸೇರಿಸಿದ್ದು.”

ತಾತನ ಹಾಳಾದ ಗಂಟಲಿಂದ ಬಂದ ದನಿ ಕೇಳಿ ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದರು.

“ನಿನಗೆ ನಾನು ಕಲಿಸಿದ್ದು ಇದೇನಾ? ಅಚ್ಚಲ್ಲಿ ತಪ್ಪಾದ್ರೆ ತಿದ್ದುಪಡಿ ಹಾಕಬಹುದು. ಮನುಷ್ಯನ ಎದೆಯಲ್ಲಿ ಅಚ್ಚು ಹಾಕಿದೆಯಲ್ಲ, ಅದನ್ನ ಯಾವ ಕರಡಲ್ಲಿ ತಿದ್ದಲಿ? ಎರಡು ದಿನ ನಾನು ದೇವರು ಕರೆದ ಅಂತ ಓಡಾಡಿದೀನಿ. ಕರೆದದ್ದು ನೀನು! ಮಾತ್ರೆ ಕೊಡೋಳು!”

ಪದಸೂಚಿ ಎತ್ತಿಕೊಂಡು ಹೊರಟುಹೋದ. ಪೆನ್ಸಿಲು ಅಲ್ಲೇ ಉಳಿಯಿತು. ಅವಳು ಔಷಧದ ಕಪಾಟಿಗೆ ಮುಖ ಮಾಡಿ, ಗಿರಾಕಿಗಳಿಗೆ ಕಾಣದ ಹಾಗೆ ಅತ್ತಳು. ಅತ್ತಿದ್ದಾದರೂ ಯಾತಕ್ಕೆ ಎಂದು ಅವಳಿಗೇ ತಿಳಿಯಲಿಲ್ಲ. ಸುಳ್ಳು ಹೇಳಿದ್ದಕ್ಕೋ, ನಿಜ ಹೇಳಿದ್ದಕ್ಕೋ? ಆ ಮಧ್ಯಾಹ್ನ ಒಬ್ಬರಿಗೆ ಊಟಕ್ಕೆ ಮೊದಲಿನ ಮಾತ್ರೆಯನ್ನು ಊಟದ ನಂತರ ಎಂದು ಹೇಳಿ, ಅವರು ಬೀದಿ ದಾಟುವಷ್ಟರಲ್ಲಿ ಓಡಿಹೋಗಿ ಸರಿಪಡಿಸಿದಳು.

ಬುಧವಾರ ಮಧ್ಯಾಹ್ನ ತಾತ ಮತ್ತೆ ಬಂದ. ಈ ಸಲ ಕಂಕುಳಲ್ಲಿ ಏನೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ. ಕೌಂಟರಿನ ಹೊರಗಿನ ಸ್ಟೂಲಿನ ಮೇಲೆ ಕೂತು ಒಂದೇ ಒಂದು ಪ್ರಶ್ನೆ ಕೇಳಿದ.

“ಯಾಕೆ ಸೇರಿಸಿದೆ?”

“ಗೊತ್ತಿಲ್ಲ ತಾತ.”

“ಗೊತ್ತಿಲ್ಲ ಅಂದ್ರೆ? ಬಾಯಿ ನಿಂದಲ್ವಾ?”

“ಮೂರು ದಿನದಿಂದ ಅದನ್ನೇ ಕೇಳ್ಕೋತಿದೀನಿ. ಬಾಯಿ ತಪ್ಪಿತೋ, ನಿಮ್ಮನ್ನ ನೋಡಿ ಹೇಳಿದೆನೋ, ಆಣೆ ಮಾಡಿ ಹೇಳ್ತೀನಿ, ನನಗೇ ಗೊತ್ತಿಲ್ಲ. ಒಂದು ಸಲ ಹೀಗನಿಸುತ್ತೆ, ಒಂದು ಸಲ ಹಾಗೆ.”

ತಾತ ತನ್ನ ಮೊಣಕಾಲು ಸವರಿಕೊಂಡ. “ಅವನೂ ಹೀಗೇ ಅಂದಿದ್ದ” ಎಂದ. “ಕಲ್ಲಲ್ಲಿ ಆ ಪದ ಯಾಕೆ ಹಾಕಿಸಿದೆಯೋ ಅಂತ ಕೇಳಿದೆ. ‘ಗೊತ್ತಿಲ್ಲ ಕಣಣ್ಣಾ, ಅಮ್ಮ ಪ್ರಾರ್ಥನೆ ಮಾಡುವಾಗ ಹಾಗೇ ಹೇಳ್ತಿದ್ದಳು, ನನ್ನ ಕಿವೀಲಿ ಹಾಗೇ ಕೂತಿದೆ’ ಅಂದ. ನಾನು ನಂಬಲಿಲ್ಲ. ಅಚ್ಚು ಕಣ್ಣೆದುರಿಗೆ ಇರುವಾಗ ಕಿವಿ ಮಾತು ಯಾಕೆ ಅಂತ ಬೈದೆ. ನಿನ್ನೆ ನೀನು ಹೇಳಿದೆಯಲ್ಲ, ಆ ಪ್ರಸಂಗಿಗಳ ತಾಯಿ ಅಂತ… ರಾತ್ರಿಯೆಲ್ಲ ನಮ್ಮಮ್ಮನ ದನಿ ನೆನಪು ಮಾಡ್ಕೊಂಡೆ. ಹೌದು, ಅವಳು ಹಾಗೇ ಹೇಳ್ತಿದ್ದಳು. ಆ ಪದವೇ. ನಾನೂ ಕೇಳಿದ್ದೆ.”

ಅವಳು ಪೆನ್ಸಿಲನ್ನು ಅವನತ್ತ ಸರಿಸಿದಳು. ಅವನು ಅದನ್ನು ಮುಟ್ಟಲಿಲ್ಲ.

“ಈಗ ಹೇಳು. ಅದು ದೇವರ ಮಾತಲ್ಲ ಅಂತ ಆಯ್ತು. ಹೋಗಲೋ ಬೇಡವೋ?”

“ನನ್ನ ಕೇಳಿದ್ರೆ ಹೇಗೆ ತಾತ? ನಾನು ಬರೀ…”

“ಗೊತ್ತು, ಗೊತ್ತು. ಬೇರೆಯವರ ಮಾತು ಹೇಳೋಳು. ಹತ್ತೊಂಬತ್ತು ವರ್ಷ ಹೇಳಿದೀಯ. ಇವತ್ತು ಒಂದು ನಿಂದು ಹೇಳು.”

ಎಂಥ ಇಕ್ಕಟ್ಟು ನೋಡಿ! ಇನ್ನೂರು ಜನರೆದುರು ಎರಡು ಗಂಟೆ ಮಾತಾಡಿದರೂ ಒಣಗದ ಬಾಯಿ, ಒಬ್ಬ ಮುದುಕನೆದುರು ಒಣಗಿಹೋಯಿತು. ಗಂಭೀರ ಕನ್ನಡ ಬರಲಿಲ್ಲ, ಗೌರವದ ಕನ್ನಡವೂ ಬರಲಿಲ್ಲ.

“ಹೋಗಿ ತಾತ. ನಂಗೆ ಭಯ ಆಗ್ತಿದೆ. ನಾಳೆ ಏನಾದ್ರೂ ಆಗ್ಬಿಟ್ಟರೆ ನೀವು ಸಹಿಸ್ಕೊಳ್ಳಲ್ಲ. ಹೋಗಿ.”

“ಇದಕ್ಕೆ ಅಧ್ಯಾಯ ಇಲ್ಲ” ಎಂದ ತಾತ.

“ಇಲ್ಲ.”

“ಹ್ಞೂಂ” ಎಂದು ಎದ್ದ. “ನೀನೂ ಬಾ. ನನ್ನ ಗಂಟಲು ಗೊತ್ತಲ್ಲ. ಅವನು ಏನಾದ್ರೂ ಕೇಳಿದ್ರೆ ನನ್ನ ಪರವಾಗಿ ನೀನು ಹೇಳು.”

ಆಸ್ಪತ್ರೆ ಎರಡು ಬೀದಿ ಆಚೆ. ತಾತ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ನಿಂತ. ಒಂದು ಸಲವಂತೂ ವಾಪಸು ಎರಡು ಮೆಟ್ಟಿಲು ಇಳಿದೇಬಿಟ್ಟ, ಮತ್ತೆ ಹತ್ತಿದ. ಅವಳು ಬನ್ನಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ತಾನು ಮಾಡುತ್ತಿರುವುದು ಸರಿಯೇ ಎಂದು ಆಗಲೂ ಅವಳಿಗೆ ಗೊತ್ತಿರಲಿಲ್ಲ. ತಮ್ಮ ತಿರುಗಿಬಿದ್ದು ಎದೆ ಹಿಡಿದುಕೊಂಡರೆ ಏನು ಗತಿ ಎಂಬ ಹೊಸ ದಿಗಿಲು ಬೇರೆ ಶುರುವಾಗಿತ್ತು.

ವಾರ್ಡಿನಲ್ಲಿ ಎಂಟು ಮಂಚ. ಕಿಟಕಿಯ ಪಕ್ಕದ್ದರಲ್ಲಿ ತಮ್ಮ ಮಲಗಿದ್ದ. ಅಣ್ಣನದೇ ಮೂಗು, ಅಣ್ಣನದೇ ಹಣೆ, ಕೂದಲು ಮಾತ್ರ ಇನ್ನೂ ಅಷ್ಟು ನರೆತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಇವರನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ತಮ್ಮ ತಲೆ ತಿರುಗಿಸಿ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಅವನ ತುಟಿ ಒಂದು ಕಡೆಗೆ ಸೊಟ್ಟಗಾಯಿತು.

“ಬಂದೆಯಾ? ಯಾವ ವಾಕ್ಯ ತಂದಿದೀಯ? ಓದಿಬಿಡು. ನಾಳೆ ನಾನು ಇರ್ತೀನೋ ಇಲ್ವೋ, ತಿದ್ದೋದೆಲ್ಲ ಇವತ್ತೇ ತಿದ್ದಿಬಿಡು.”

ತಾತ ಬಾಯಿ ತೆರೆದ. ಗಂಟಲಲ್ಲಿ ಬರಿಯ ಗಾಳಿ. ಅವನು ತಿರುಗಿ ಅವಳನ್ನು ನೋಡಿದ. ಆ ನೋಟ ಅವಳಿಗೆ ಗೊತ್ತಿತ್ತು. ಪೀಠದಲ್ಲಿ ಮಾತು ಮುಗಿಸಿ ನಿಂತವರ ನೋಟ ಅದು, ಇನ್ನು ನೀನು ಹೇಳು ಎನ್ನುವ ನೋಟ. ಅವಳ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಎಲ್ಲವೂ ಚೆಂದದ ಮಾತುಗಳು, ಕ್ಷಮೆಯ ಮಾತುಗಳು. ಇಡೀ ವಾರ್ಡನ್ನೇ ಅಳಿಸಬಹುದಿತ್ತು. ಹೇಳಬೇಕೋ, ಬೇಡವೋ? ಹೇಳದಿದ್ದರೆ ಮುದುಕ ಹೀಗೇ ನಿಂತು ವಾಪಸು ಹೋದರೆ? ಅವಳು ಹಲ್ಲು ಕಚ್ಚಿ ನೆಲ ನೋಡಿದಳು.

ಪಕ್ಕದ ಮಂಚದವರು ಕೆಮ್ಮಿದರು.

“ಯಾವ್ದೂ ಇಲ್ಲ ಕಣೋ” ಎಂದ ತಾತ. ಒಡಕು ದನಿ, ಅರ್ಧ ಕೇಳಿಸಿತು, ಅರ್ಧ ಇಲ್ಲ. “ಯಾವ ವಾಕ್ಯನೂ ಇಲ್ಲ. ಹುಡುಕಿದೆ, ಸಿಗಲಿಲ್ಲ. ನಾನೇ ಬಂದೆ.”

ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ ತಮ್ಮ. ಆದರೆ ಹೊದಿಕೆಯೊಳಗೆ ಅವನ ಕಾಲುಗಳು ಮೆಲ್ಲನೆ ಮಡಚಿಕೊಂಡವು, ಮಂಚದ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.